ಮೂರು ಫೋಟೋ, ಮೂರು ಮಾಸ್ಕ್: ಪ್ಯಾಕೆಟ್ ಮೇಲಿನ ಗುರುತು ಓದುವುದು ಹೇಗೆ?

ಪ್ರಶ್ನೆ: ಸರ್, ನಾನು ಬೆಳಗಾವಿ ಉದ್ಯಮಬಾಗ್‌ನ ಒಂದು ಸಣ್ಣ ಫೌಂಡ್ರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಮೋಲ್ಡ್ ಒಡೆಯುವ ನಾಕೌಟ್ ಮತ್ತು ಕಾಸ್ಟಿಂಗ್ ಉಜ್ಜಿ ಸ್ವಚ್ಛ ಮಾಡುವ ಫೆಟ್ಲಿಂಗ್‌ನಲ್ಲಿ ಕೆಲಸ ಮಾಡುವ 22 ಜನರಿಗೆ ಮಾಸ್ಕ್ ತರಬೇಕು. ಡೀಲರ್ ವಾಟ್ಸಾಪ್‌ನಲ್ಲಿ ಮೂರು ಫೋಟೋ ಕಳಿಸಿದ್ದಾನೆ. ಒಂದು ನೀಲಿ ಬಾಕ್ಸ್, 99% ಎಂದು ಬರೆದಿದೆ. ಇನ್ನೊಂದು ಬಿಳಿ ಎನ್95. ಮೂರನೆಯದು ಬಟ್ಟಲಿನ ಹಾಗೆ ಇದೆ, ರೇಟ್ ಜಾಸ್ತಿ. 99% ಇರುವುದೇ ಒಳ್ಳೆಯದಲ್ವಾ, ಅದೇ ಅಗ್ಗ ಕೂಡ ಅಂತ ಮಾಲೀಕರು ಹೇಳುತ್ತಾರೆ. ಫೋಟೋ ನೋಡಿ ಯಾವುದು ಏನು ಅಂತ ಹೇಳುತ್ತೀರಾ?

ಉತ್ತರ: ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನೀಲಿ ಬಾಕ್ಸ್ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಬಿಳಿಯದು ತಾನೇನೆಂದು ಹೇಳಿಕೊಳ್ಳುತ್ತಿದೆಯೋ ಅದಲ್ಲ. ಮೂರನೆಯದು ಸರಿ ಇರಬಹುದು, ಆದರೆ ಡೀಲರ್ ಫೋಟೋ ತೆಗೆಯುವಾಗ ಅವನ ಹೆಬ್ಬೆರಳು ಎಲ್ಲಕ್ಕಿಂತ ಮುಖ್ಯವಾದ ನಾಲ್ಕು ಅಂಕಿಗಳ ಮೇಲೆ ಕೂತಿದೆ. ಬೇಕಂತಲೇ ಇಟ್ಟಿದ್ದಾನೆ ಅಂತ ನಾನು ಹೇಳುವುದಿಲ್ಲ. ಆದರೆ ಆ ಬೆರಳು ತೆಗೆಸಿ ಇನ್ನೊಂದು ಫೋಟೋ ತರಿಸಿಕೊಳ್ಳುವ ತನಕ ಆರ್ಡರ್ ಹಾಕಬೇಡಿ.

ಈಗ ನಿಮ್ಮ ಮಾಲೀಕರ ಮಾತಿಗೆ ಬರುತ್ತೇನೆ. 95 ಕ್ಕಿಂತ 99 ದೊಡ್ಡದು, ಸರಿ. ಆದರೆ ಆ ಎರಡು ಅಂಕಿಗಳು ಒಂದೇ ಪರೀಕ್ಷೆಯಲ್ಲಿ ಬಂದ ಮಾರ್ಕ್ಸ್ ಅಲ್ಲ. ಒಬ್ಬ ಹುಡುಗನಿಗೆ ಡ್ರಾಯಿಂಗ್‌ನಲ್ಲಿ 99 ಬಂದಿದೆ, ಇನ್ನೊಬ್ಬನಿಗೆ ಗಣಿತದಲ್ಲಿ 95 ಬಂದಿದೆ, ಲೆಕ್ಕ ಬರೆಯೋಕೆ ಯಾರನ್ನು ಇಟ್ಟುಕೊಳ್ಳುತ್ತೀರಿ? ನೀಲಿ ಬಾಕ್ಸ್ ಮೇಲೆ 99% ಪಕ್ಕದಲ್ಲಿ ಸಣ್ಣದಾಗಿ BFE ಎಂದಿದೆ, ನೋಡಿ. ಅದು ಸರ್ಜಿಕಲ್ ಮಾಸ್ಕಿಗೆ ಮಾಡುವ ಪರೀಕ್ಷೆ, ಬ್ಯಾಕ್ಟೀರಿಯಾ ಇರುವ ಹನಿಗಳನ್ನು ಬಟ್ಟೆ ಎಷ್ಟು ತಡೆಯುತ್ತದೆ ಎಂದು ನೋಡುವುದು. ಹನಿಗಳ ಗಾತ್ರ ಸರಾಸರಿ 3 ಮೈಕ್ರಾನ್ ಆಸುಪಾಸು. ಎನ್95 ರ 95 ಬರುವುದು ಬೇರೆ ಕಡೆಯಿಂದ. ಅಲ್ಲಿ ತುಂಬಾ ಸಣ್ಣ ಉಪ್ಪಿನ ಕಣಗಳನ್ನು ನಿಮಿಷಕ್ಕೆ 85 ಲೀಟರ್ ಗಾಳಿಯಲ್ಲಿ ಬಿಡುತ್ತಾರೆ. ಆ ಕಣಗಳು ಸುಮಾರು 0.3 ಮೈಕ್ರಾನ್, ಅಂದರೆ ಫಿಲ್ಟರ್‌ಗೆ ಹಿಡಿಯಲು ಎಲ್ಲಕ್ಕಿಂತ ಕಷ್ಟವಾದ ಗಾತ್ರದ ಹತ್ತಿರ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ನಿಮ್ಮ ಮರಳಿನ ಧೂಳಿನಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳೂ ಒಂದೆರಡು ಮೈಕ್ರಾನ್‌ನಿಂದ ನಾಲ್ಕು ಮೈಕ್ರಾನ್‌ವರೆಗೇ ತಾನೇ, ಹಾಗಾದರೆ 3 ಮೈಕ್ರಾನ್ ಹನಿ ತಡೆಯುವ ಬಟ್ಟೆ ಇದನ್ನೂ ತಡೆಯಬೇಕಲ್ಲ? ಹೌದು, ಬಟ್ಟೆ ತಡೆಯಬಹುದು. ತೊಂದರೆ ಬಟ್ಟೆಯದಲ್ಲ, ಅಂಚಿನದು. ಆ ಪರೀಕ್ಷೆಯಲ್ಲಿ ಮಾಸ್ಕಿನ ಬಟ್ಟೆಯ ತುಂಡನ್ನು ಬಿಗಿಯಾಗಿ ಕ್ಲ್ಯಾಂಪ್ ಮಾಡಿ ಇಟ್ಟಿರುತ್ತಾರೆ, ಗಾಳಿಗೆ ಬಟ್ಟೆಯ ಮೂಲಕ ಬಿಟ್ಟರೆ ಬೇರೆ ದಾರಿಯೇ ಇರುವುದಿಲ್ಲ. ಮುಖದ ಮೇಲೆ ಹಾಗಿಲ್ಲ. ಕನ್ನಡಿ ಮುಂದೆ ಸರ್ಜಿಕಲ್ ಮಾಸ್ಕ್ ಹಾಕಿಕೊಂಡು ನೋಡಿ, ಕೆನ್ನೆಯ ಎರಡೂ ಕಡೆ ಬೆರಳು ಹೋಗುವಷ್ಟು ಸಂದು ಕಾಣುತ್ತದೆ. ಉಸಿರು ಎಳೆದಾಗ ಗಾಳಿ ಸುಲಭವಾದ ದಾರಿ ಹಿಡಿಯುತ್ತದೆ, ಆ ಸಂದಿನಿಂದಲೇ ಒಳಗೆ ಬರುತ್ತದೆ. ಅದರ ಜೊತೆ ಧೂಳೂ ಬರುತ್ತದೆ. ಡಾಕ್ಟರ ಬಾಯಿಂದ ಹೊರಟ ಹನಿ ರೋಗಿಯ ಗಾಯದ ಮೇಲೆ ಬೀಳಬಾರದು, ರೋಗಿಯ ರಕ್ತ ಡಾಕ್ಟರ ಮುಖಕ್ಕೆ ಚಿಮ್ಮಬಾರದು, ಇಷ್ಟಕ್ಕೆ ಮಾಡಿದ ವಸ್ತು ಅದು. ಆ ಕೆಲಸಕ್ಕೆ ಚೆನ್ನಾಗಿಯೇ ಇದೆ.

ಹಾಗಾಗಿ ಫೋಟೋದಲ್ಲಿ ಶೇಕಡಾ ಅಂಕಿ ಹುಡುಕಬೇಡಿ. ಮೊದಲು ಸ್ಟ್ಯಾಂಡರ್ಡ್ ನಂಬರ್ ಹುಡುಕಿ. ಅದು ಆ ವಸ್ತುವಿನ ಜಾತಿ ಹೇಳುತ್ತದೆ. IS 16289 ಎಂದಿದ್ದರೆ ನಮ್ಮ ದೇಶದ ಸರ್ಜಿಕಲ್ ಮಾಸ್ಕ್, ಅದರಲ್ಲಿ ಕ್ಲಾಸ್ 1, 2, 3 ಇವೆ. EN 14683 ಎಂದಿದ್ದರೆ ಯುರೋಪಿನ ಸರ್ಜಿಕಲ್ ಮಾಸ್ಕ್, ಅಲ್ಲಿ ಟೈಪ್ I, II, IIR. ASTM F2100 ಎಂದಿದ್ದರೆ ಅಮೆರಿಕದ ಸರ್ಜಿಕಲ್ ಮಾಸ್ಕ್, ಲೆವೆಲ್ 1 ರಿಂದ 3. ಈ ಮೂರರಲ್ಲಿ ಯಾವುದರ ಅತಿ ಮೇಲಿನ ದರ್ಜೆ ತಂದರೂ ನಿಮಗೆ ಸಿಗುವುದು ಸರ್ಜಿಕಲ್ ಮಾಸ್ಕೇ. ಲೆವೆಲ್ 3 ಅಂದರೆ ರಕ್ತದಂಥ ದ್ರವ 160 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಚಿಮ್ಮಿದರೂ ಒಳಗೆ ಬರುವುದಿಲ್ಲ ಎಂದರ್ಥ. ನಾಕೌಟ್ ಗ್ರೇಟ್ ಹತ್ತಿರ ನಿಂತವನಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ‘ಕ್ಲಾಸ್ 3 ಇದೆ, ಟಾಪ್ ಕ್ವಾಲಿಟಿ’ ಎಂದು ಡೀಲರ್ ಹೇಳಿದರೆ ಸುಳ್ಳು ಹೇಳುತ್ತಿಲ್ಲ, ಬೇರೆ ಅಂಗಡಿಯ ಮಾಲಿನ ಬಗ್ಗೆ ಹೇಳುತ್ತಿದ್ದಾನೆ ಅಷ್ಟೇ.

ಧೂಳಿಗೆ ಮಾಡಿದ ಮಾಸ್ಕಿಗೆ ರೆಸ್ಪಿರೇಟರ್ ಎನ್ನುತ್ತಾರೆ. ಅದರ ಮೇಲೆ ಬರುವ ಗುರುತುಗಳು ಬೇರೆ. ನಮ್ಮಲ್ಲಿ IS 9473, ಯುರೋಪಿನದಾದರೆ EN 149, ಅಮೆರಿಕದ್ದಾದರೆ NIOSH ಎಂಬ ಹೆಸರು ಮತ್ತು TC-84A ಎಂದು ಶುರುವಾಗುವ ನಂಬರ್, ಚೀನಾದ್ದಾದರೆ GB 2626. ಈ ನಾಲ್ಕರಲ್ಲಿ ಒಂದೂ ಪ್ಯಾಕೆಟ್ ಮೇಲೆ ಇಲ್ಲ ಅಂದರೆ ಅದು ರೆಸ್ಪಿರೇಟರ್ ಅಂತ ನಂಬಲು ನಿಮ್ಮ ಹತ್ತಿರ ಕಾರಣವೇ ಇಲ್ಲ. ‘ಐದು ಲೇಯರ್’, ‘ಆಂಟಿ ಪೊಲ್ಯೂಷನ್’, ‘ಪಿಎಂ 2.5’ ಎಂದು ಎಷ್ಟು ದೊಡ್ಡದಾಗಿ ಬರೆದಿದ್ದರೂ ಅಷ್ಟೇ. ಲೇಯರ್ ಎಣಿಸಿ ಪ್ರಯೋಜನ ಇಲ್ಲ, ಕಣ ಹಿಡಿಯುವುದು ನಡುವಿನ ಮೆಲ್ಟ್‌ಬ್ಲೋನ್ ಪದರ. ಅದು ಕೆಟ್ಟದ್ದಾಗಿದ್ದರೆ ಮೇಲೆ ಕೆಳಗೆ ಇನ್ನೆಷ್ಟು ಬಟ್ಟೆ ಹಾಕಿದರೂ ಕೌದಿ ಹೊದ್ದ ಹಾಗಾಗುತ್ತದೆ, ಧೂಳು ತಡೆಯುವುದಿಲ್ಲ.

ನೀಲಿ ಬಾಕ್ಸ್ ಮೇಲೆ ಸ್ಟ್ಯಾಂಡರ್ಡ್ ನಂಬರೇ ಇಲ್ಲ. ಇರುವುದು ISO 9001:2015 ಮತ್ತು ಯುರೋಪಿನ ನಿಯಮಕ್ಕೆ ಹೊಂದುತ್ತದೆ ಎನ್ನುವ CE ಗುರುತು. ಮೊದಲನೆಯದು ಕಾರ್ಖಾನೆಯ ಕೆಲಸದ ಪದ್ಧತಿಗೆ ಕೊಡುವ ಸರ್ಟಿಫಿಕೇಟ್, ಮಾಸ್ಕಿಗೆ ಅಲ್ಲ. ಬಕೆಟ್ ಮಾಡುವವನಿಗೂ ಅದು ಇರಬಹುದು. ನಿಮ್ಮ ಫೌಂಡ್ರಿಗೂ ಇರಬಹುದು, ಹಾಗಂತ ನಿಮ್ಮ ಪ್ರತಿ ಕಾಸ್ಟಿಂಗ್ ಬ್ಲೋಹೋಲ್ ಇಲ್ಲದೆ ಬರುತ್ತದೆಯೇ?

ಸಿಇ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದರಲ್ಲಿ ತಿಳಿದವರೂ ಎಡವುತ್ತಾರೆ. ಸಿಇ ಪಕ್ಕದಲ್ಲಿ ನಾಲ್ಕು ಅಂಕಿ ಇಲ್ಲದಿದ್ದರೆ ನಕಲಿ ಎಂದು ಒಂದು ಫಾರ್ವರ್ಡ್ ಓಡಾಡುತ್ತದೆ. ಅರ್ಧ ಸತ್ಯ. ಸ್ಟೆರೈಲ್ ಅಲ್ಲದ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಯುರೋಪಿನ ನಿಯಮದಲ್ಲಿ ಕೆಳಗಿನ ದರ್ಜೆಯ ವೈದ್ಯಕೀಯ ಸಾಧನ. ತಯಾರಕ ತಾನೇ ಘೋಷಿಸಿ ಸಿಇ ಹಾಕಬಹುದು, ಅಂಕಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಎಫ್‌ಎಫ್‌ಪಿ2 ಎಂಬ ದರ್ಜೆಯ ರೆಸ್ಪಿರೇಟರ್ ಪ್ರಾಣಾಪಾಯದಿಂದ ಕಾಪಾಡುವ ಸಲಕರಣೆಯ ವರ್ಗಕ್ಕೆ ಸೇರುತ್ತದೆ. ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಲೇಬೇಕು, ಆಮೇಲೂ ತಯಾರಿಕೆಯ ಮೇಲೆ ಕಣ್ಣಿಡಬೇಕು. ಆ ಸಂಸ್ಥೆಯ ನಂಬರೇ ಸಿಇ ಪಕ್ಕದ ನಾಲ್ಕು ಅಂಕಿ. ಉದಾಹರಣೆಗೆ CE 2797 ಎಂದರೆ ನೆದರ್ಲೆಂಡ್ಸಿನಲ್ಲಿರುವ ಬಿಎಸ್‌ಐ. ಹಾಗಾಗಿ ಎಫ್‌ಎಫ್‌ಪಿ2 ಎಂದು ಬರೆದು ಬರೀ ಸಿಇ ಇದ್ದರೆ ಬಿಟ್ಟುಬಿಡಿ. ಅಂಕಿ ಇದ್ದರೆ ಯುರೋಪಿಯನ್ ಕಮಿಷನ್ನಿನ NANDO ಪಟ್ಟಿಯಲ್ಲಿ ಆ ನಂಬರ್ ಹುಡುಕಿ. ಸಂಸ್ಥೆ ಇದೆಯೇ ಎಂದು ಮಾತ್ರ ನೋಡಿದರೆ ಸಾಲದು, ಅದಕ್ಕೆ ಪಿಪಿಇ, ಅಂದರೆ (EU) 2016/425 ನಿಯಮದ ಕೆಳಗೆ ಅಧಿಕಾರ ಇದೆಯೇ ಎಂದೂ ನೋಡಿ. ಲಿಫ್ಟ್ ಅಥವಾ ಆಟಿಕೆ ಪರೀಕ್ಷಿಸುವ ಸಂಸ್ಥೆ ಮಾಸ್ಕಿಗೆ ‘ಸರ್ಟಿಫಿಕೇಟ್’ ಕೊಟ್ಟಿದ್ದರೆ ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅಷ್ಟೇ.

ಈಗ ಬಿಳಿಯ ಮಾಸ್ಕ್. ಇದರ ಫೋಟೋ ಒಂದು ಪಾಠದ ಹಾಗಿದೆ. ಮಾಸ್ಕಿನ ಮೇಲೆ ದೊಡ್ಡದಾಗಿ N95. ಬಾಕ್ಸಿನ ಮೇಲೆ KN95. ಬದಿಯಲ್ಲಿ GB2626-2006. ಹಿಂದೆ FDA. ದಾರ ಕಿವಿಗೆ ಹಾಕುವಂಥದ್ದು.

ಎನ್95 ಎಂಬುದು ಅಮೆರಿಕದ ನಿಯೋಶ್ ಸಂಸ್ಥೆ ಕೊಡುವ ದರ್ಜೆಯ ಹೆಸರು. ನಿಯೋಶ್ ಒಪ್ಪಿದ ಮಾಸ್ಕ್ ಆಗಿದ್ದರೆ ಬಾಕ್ಸಿನ ಮೇಲಲ್ಲ, ಮಾಸ್ಕಿನ ಮೈಮೇಲೇ ಇಷ್ಟು ಇರಬೇಕು: ತಯಾರಕರ ಹೆಸರು, ಮಾಡೆಲ್ ನಂಬರ್, ಲಾಟ್ ನಂಬರ್, NIOSH ಎಂಬ ಅಕ್ಷರ ಅಥವಾ ಲೋಗೋ, N95 ಎಂಬ ದರ್ಜೆ, ಮತ್ತು TC-84A- ಆದಮೇಲೆ ನಾಲ್ಕು ಅಂಕಿ. ಇನ್ನೊಂದು, ನಿಯೋಶ್ ಮಾಸ್ಕುಗಳಿಗೆ ತಲೆಯ ಹಿಂದೆ ಹೋಗುವ ಪಟ್ಟಿ ಇರುತ್ತದೆ. ಕಿವಿಯ ದಾರದ ಮಾಸ್ಕ್ ಮೇಲೆ ನಿಯೋಶ್ ಹೆಸರು ಕಂಡರೆ ಅದು ನಕಲಿಯ ಗುರುತು ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯೇ ಎಚ್ಚರಿಸಿದೆ. ಕೆಲವು ನಕಲಿಗಳಲ್ಲಿ ಅಕ್ಷರವೇ ತಪ್ಪಿರುತ್ತದೆ, NOISH ಅಂತ. ನಗು ಬರುತ್ತದೆ, ಆದರೆ ಫೋಟೋ ಚಿಕ್ಕದಿದ್ದಾಗ ಕಣ್ಣು ಅದನ್ನು ಸರಿಯಾಗಿಯೇ ಓದಿಬಿಡುತ್ತದೆ. ಒಂದೊಂದೇ ಅಕ್ಷರ ಓದಿ. ನಿಮ್ಮ ಬಿಳಿ ಮಾಸ್ಕ್ ಮೇಲೆ ನಿಯೋಶ್ ಇಲ್ಲ, ಟಿಸಿ ನಂಬರ್ ಇಲ್ಲ, ಪಟ್ಟಿಯೂ ಇಲ್ಲ. ಅಲ್ಲಿಗೆ ಅದರ ‘ಎನ್95’ ಮುಗಿಯಿತು.

ಹಾಗಾದರೆ ಅದು ಕೆಎನ್95 ಆದರೂ ಹೌದೇ? ಕೆಎನ್95 ಚೀನಾದ ದರ್ಜೆ, ಸುಮ್ನೆ ಕಸ ಅಂತ ಬಿಸಾಡುವ ವಸ್ತು ಅಲ್ಲ. ಅಲ್ಲೂ ಕಣ ತಡೆಯುವ ಮಿತಿ 95 ಶೇಕಡಾವೇ. ಆದರೆ ನಿಮ್ಮ ಫೋಟೋದಲ್ಲಿರುವುದು 2006 ರ ಸ್ಟ್ಯಾಂಡರ್ಡ್. ಅದರ ಜಾಗಕ್ಕೆ GB 2626-2019 ಬಂದು ಎಷ್ಟೋ ವರ್ಷ ಆಯಿತು. ಅಂದರೆ ಒಂದೋ ಕೊರೊನಾ ಕಾಲದ ಉಳಿದ ಮಾಲು, ಇಲ್ಲವೇ ಹಳೆಯ ಅಚ್ಚಿನಿಂದ ಇವತ್ತಿಗೂ ಮುದ್ರಿಸುತ್ತಿರುವ ಮಾಲು. ಎರಡೂ ಒಳ್ಳೆಯ ಸುದ್ದಿ ಅಲ್ಲ. ಬಾಕ್ಸಿನ ಮೇಲೆ ತಯಾರಿಕೆಯ ತಾರೀಖು ಎಲ್ಲಿದೆ ಎಂದು ಕೇಳಿ, ಅವನು ಮಾತು ಬದಲಿಸಿದರೆ ಅದೇ ಉತ್ತರ. ಮಾಸ್ಕ್ ಒಂದು ಹೆಸರು ಹೇಳುತ್ತದೆ, ಬಾಕ್ಸ್ ಇನ್ನೊಂದು ಹೇಳುತ್ತದೆ. ನಿಜವಾದ ತಯಾರಕ ತನ್ನ ಮಾಲಿಗೆ ಎರಡು ಹೆಸರು ಇಡುವುದಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎ ಬಗ್ಗೆ ಒಂದೇ ಮಾತು. ಅಲ್ಲಿ ಕಂಪನಿಯ ಹೆಸರು ನೋಂದಾಯಿಸಿದ ಮಾತ್ರಕ್ಕೆ ಮಾಲು ಒಪ್ಪಿಗೆ ಪಡೆದಂತಲ್ಲ. ಅವರ ಲೋಗೋವನ್ನು ಬಾಕ್ಸ್ ಮೇಲೆ ಹಾಕಿಕೊಳ್ಳಲು ಅವರು ಬಿಡುವುದೂ ಇಲ್ಲ. ಹಾಗಾಗಿ ಆ ಲೋಗೋ ಕಂಡರೆ ನನಗೆ ನಂಬಿಕೆ ಹೆಚ್ಚುವ ಬದಲು ಕಡಿಮೆಯಾಗುತ್ತದೆ.

ಮೂರನೆಯದಕ್ಕೆ ಬಂದೆವು. ಬಟ್ಟಲಿನ ಆಕಾರ, ತಲೆಗೆ ಎರಡು ಪಟ್ಟಿ, ಮೂಗಿನ ಮೇಲೆ ಅಲ್ಯೂಮಿನಿಯಂ ಪಟ್ಟಿ. ಪೌಚ್ ಮೇಲೆ ಐಎಸ್‌ಐ ಗುರುತು, ಅದರ ತಲೆಯ ಮೇಲೆ IS 9473, ಪಕ್ಕದಲ್ಲಿ FFP2, ಕೆಳಗೆ ಲೈಸೆನ್ಸ್ ನಂಬರ್, ಅಂದರೆ CM/L- ಆದಮೇಲೆ ಅಂಕಿಗಳು, ಕೊನೆಗೆ ನಮ್ಮ ಡೀಲರ್‌ನ ಹೆಬ್ಬೆರಳು. ಮುಂದೆ ದೊಡ್ಡದಾಗಿ N95 ಎಂದೂ ಇದೆ. ಇದನ್ನು ನೋಡಿ ನೀವು ‘ಇದರ ಮೇಲೂ ಟಿಸಿ ನಂಬರ್ ಇಲ್ಲವಲ್ಲ, ಇದೂ ನಕಲಿಯಾ?’ ಎಂದು ಕೇಳಬಹುದು. ಇಲ್ಲಿ ವ್ಯತ್ಯಾಸ ಇದೆ. ನಮ್ಮ ಭಾರತದ ಸ್ಟ್ಯಾಂಡರ್ಡಿನಲ್ಲಿ ಎನ್95 ಎಂಬ ದರ್ಜೆಯೇ ಇಲ್ಲ. ಯುರೋಪಿನ ಹಾಗೆ ಎಫ್‌ಎಫ್‌ಪಿ1, 2, 3 ಎಂದು ಇವೆ. ಯುರೋಪಿನ ಲೆಕ್ಕದಲ್ಲಿ ಫಿಲ್ಟರ್ ಕನಿಷ್ಠ 80, 94, 99 ಶೇಕಡಾ ತಡೆಯಬೇಕು. ಎಫ್‌ಎಫ್‌ಪಿ2 ಸರಿಸುಮಾರು ಎನ್95 ಮಟ್ಟದ್ದು. ಜನ ಅಂಗಡಿಯಲ್ಲಿ ಕೇಳುವುದು ಎನ್95 ಎಂದೇ, ಅದಕ್ಕೆ ಇಲ್ಲಿನ ತಯಾರಕರು ಆ ಹೆಸರನ್ನೂ ಹಾಕುತ್ತಾರೆ. ಸರಿಯಾದ ಪದ್ಧತಿ ಅಂತ ನಾನು ಹೇಳುವುದಿಲ್ಲ, ಆದರೆ ಹಿಂದೆ ನಿಜವಾದ ಐಎಸ್‌ಐ ಲೈಸೆನ್ಸ್ ಇದ್ದರೆ ಆ ಮಾಸ್ಕಿನ ಆಧಾರ ಐಎಸ್‌ಐ, ಎನ್95 ಬರೀ ಅಂಗಡಿ ಹೆಸರು. ಬಿಳಿಯದಕ್ಕೆ ಹಿಂದೆ ನಿಲ್ಲಲು ಯಾರೂ ಇಲ್ಲ.

ಈ ಸಿಎಂಎಲ್ ನಂಬರ್ 7 ಅಥವಾ 10 ಅಂಕಿಯದ್ದು. ಇದನ್ನು ಪರೀಕ್ಷಿಸಲು ಯಾರನ್ನೂ ಕೇಳಬೇಕಾಗಿಲ್ಲ. ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ BIS Care ಆ್ಯಪ್ ಫೋನಿನಲ್ಲಿ ಹಾಕಿಕೊಳ್ಳಿ, Verify Licence Details ಒತ್ತಿ, ನಂಬರ್ ಹಾಕಿ. ಎರಡು ನಿಮಿಷದ ಕೆಲಸ. ಪರದೆ ಮೇಲೆ ಏನೋ ಬಂತು, ಲೈಸೆನ್ಸ್ ಇದೆ ಎಂದು ಅಲ್ಲಿಗೇ ನಿಲ್ಲಿಸಬೇಡಿ. ನಾನು ಹಾಗೆ ಮಾಡದೇ ಇದ್ದುದರಿಂದ ಒಮ್ಮೆ ಬಚಾವಾದೆ, ಅದಕ್ಕೂ ಮೊದಲು ಒಮ್ಮೆ ಏನನ್ನೂ ನೋಡದೇ ಕೈ ಸುಟ್ಟುಕೊಂಡಿದ್ದೆ.

2021 ರಲ್ಲಿ ಒಂದು ಫೆಟ್ಲಿಂಗ್ ಶಾಪಿಗೆ ನಾನೇ ಹೇಳಿ ಎರಡು ಕಾರ್ಟನ್ ಮಾಸ್ಕ್ ತರಿಸಿದ್ದೆ. ಐಎಸ್‌ಐ ಗುರುತು ಅಚ್ಚುಕಟ್ಟಾಗಿತ್ತು, ಅದನ್ನೇ ನಂಬಿದೆ. ಒಂದು ವಾರ ಆದಮೇಲೆ ಒಬ್ಬ ಹಿರಿಯ ಕೆಲಸಗಾರ ಬಂದು ಮಾಸ್ಕ್ ಒಳಗೆ ತೋರಿಸಿದರು. ‘ಸರ, ನೋಡ್ರಿ, ಒಳಗೂ ಕರಿ, ಹೊರಗೂ ಕರಿ. ಮತ್ತ ಇದನ್ನ ಯಾಕ ಹಾಕ್ಕೋಬೇಕ್ರಿ?’ ಅಂದರು. ಮೂಗಿನ ಎರಡೂ ಬದಿಯಲ್ಲಿ ಕಪ್ಪು ಗೆರೆ, ಅದು ಅಂಚಿನ ಸೋರಿಕೆ. ಆದರೆ ನಡು ಬಟ್ಟೆಯ ಒಳಭಾಗವೂ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂದರೆ ಫಿಲ್ಟರೇ ಧೂಳು ಬಿಡುತ್ತಿತ್ತು. ಆಮೇಲೆ ಆ ನಂಬರ್ ಆ್ಯಪಿನಲ್ಲಿ ಹಾಕಿದೆ. ಲೈಸೆನ್ಸ್ ನಿಜ, ಚಾಲ್ತಿಯಲ್ಲೂ ಇತ್ತು. ಆದರೆ ಅದು IS 14543 ಕ್ಕೆ ಕೊಟ್ಟ ಲೈಸೆನ್ಸ್. IS 14543 ಅಂದರೆ ಪ್ಯಾಕೇಜ್ಡ್ ಕುಡಿಯುವ ನೀರು! ಯಾವುದೋ ನೀರಿನ ಬಾಟಲಿಯ ಮೇಲಿನ ನಂಬರ್ ಎತ್ತಿ ಮಾಸ್ಕ್ ಮೇಲೆ ಅಚ್ಚು ಹಾಕಿದ್ದರು. ಡೀಲರ್ ಕೈ ಎತ್ತಿಬಿಟ್ಟ, ದುಡ್ಡು ವಾಪಸ್ ಬರಲಿಲ್ಲ. ಆ ಹಿರಿಯರ ಎದುರು ತಲೆ ತಗ್ಗಿಸಿದ್ದು ಇವತ್ತಿಗೂ ನೆನಪಿದೆ.

ಅದಕ್ಕೇ ಆ್ಯಪಿನ ಪರದೆಯನ್ನು ಪೌಚ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಸ್ಟ್ಯಾಂಡರ್ಡ್ IS 9473 ಹೌದೇ? ಪೌಚ್ ಮೇಲಿನ ತಯಾರಕರ ಹೆಸರು, ಊರು ಅಲ್ಲಿರುವುದಕ್ಕೆ ಹೊಂದುತ್ತದೆಯೇ? ಲೈಸೆನ್ಸ್ ಒಂದು ಕಾರ್ಖಾನೆಯ ವಿಳಾಸಕ್ಕೆ ಸಿಗುತ್ತದೆ, ಕಂಪನಿಯ ಹೆಸರಿಗೆ ಇಡಿಯಾಗಿ ಅಲ್ಲ. ಅವಧಿ ಮುಗಿದಿಲ್ಲ ತಾನೇ? ಇಷ್ಟನ್ನು ಹಲವರು ನೋಡುತ್ತಾರೆ. ಆದರೆ ಇನ್ನೊಂದನ್ನು ಬಿಟ್ಟುಬಿಡುತ್ತಾರೆ, ಆ ಲೈಸೆನ್ಸಿನಲ್ಲಿ ಯಾವ ದರ್ಜೆಗೆ ಅನುಮತಿ ಇದೆ ಎಂಬುದು. ಒಂದು ಕಾರ್ಖಾನೆಗೆ ಎಫ್‌ಎಫ್‌ಪಿ1 ಮಾತ್ರ ಮಾಡಲು ಲೈಸೆನ್ಸ್ ಇರಬಹುದು, ಪೌಚ್ ಮೇಲೆ ಎಫ್‌ಎಫ್‌ಪಿ2 ಎಂದು ಅಚ್ಚಾಗಿರಬಹುದು. ನಂಬರ್, ಹೆಸರು, ಊರು ಎಲ್ಲಾ ಹೊಂದುತ್ತದೆ, ದರ್ಜೆ ಮಾತ್ರ ಹೊಂದುವುದಿಲ್ಲ. ನೀರಿನ ಬಾಟಲಿ ಘಟನೆ ಆದಮೇಲೆ ನಾನು ಬಚಾವಾದದ್ದು ಇಂಥದ್ದೇ ಒಂದು ಪೌಚಿನಿಂದ.

ನಿಯೋಶ್ ನಂಬರಿಗೂ ಇದೇ ರೀತಿ. ಅವರ Certified Equipment List ನಲ್ಲಿ ಟಿಸಿ ನಂಬರ್ ಹಾಕಿದಾಗ ಬರುವ ತಯಾರಕ ಮತ್ತು ಮಾಡೆಲ್ ನಿಮ್ಮ ಕೈಯಲ್ಲಿರುವುದೇ ಆಗಿರಬೇಕು. ಪಟ್ಟಿಯಲ್ಲಿ ಬಟ್ಟಲಿನ ಮಾಡೆಲ್ ಇದ್ದು ಕೈಯಲ್ಲಿ ಮಡಿಸುವ ಮಾಸ್ಕ್ ಇದ್ದರೆ ಆ ನಂಬರ್ ಕದ್ದದ್ದು.

ಇಷ್ಟೆಲ್ಲ ಆದರೂ ಫೋಟೋಗೆ ಒಂದು ಮಿತಿ ಇದೆ, ಅದನ್ನು ಮರೆಯಬೇಡಿ. ಎಲ್ಲಾ ಗುರುತು ಸರಿಯಾಗಿ ನಕಲು ಮಾಡಿದ ಪೌಚ್ ಫೋಟೋದಲ್ಲಿ ಅಸಲಿಯ ಹಾಗೆಯೇ ಕಾಣುತ್ತದೆ. ಮತ್ತೆ, ಡೀಲರ್ ಕಳಿಸುವ ಫೋಟೋ ಎಷ್ಟೋ ಸಲ ಅವನ ಗೋಡೌನ್‌ದಲ್ಲ, ಕಂಪನಿಯ ಕ್ಯಾಟಲಾಗ್‌ದು. ಅದಕ್ಕೆ ನಾನು ಯಾವಾಗಲೂ ಹೀಗೆ ಕೇಳುತ್ತೇನೆ: ಇವತ್ತಿನ ಪೇಪರ್ ಪಕ್ಕದಲ್ಲಿಟ್ಟು ತೆಗೆದ ಫೋಟೋ ಬೇಕು. ಒಂದು ಪೌಚಿನ ಹಿಂಬದಿ, ಒಂದು ಮಾಸ್ಕಿನ ಮೈಮೇಲಿನ ಅಚ್ಚು ಹತ್ತಿರದಿಂದ, ಒಂದು ಕಾರ್ಟನ್ನಿನ ಲೇಬಲ್. ಮೂರರಲ್ಲೂ ಲಾಟ್ ನಂಬರ್ ಒಂದೇ ಇರಬೇಕು. ನಿಜವಾಗಿ ಸ್ಟಾಕ್ ಇರುವವನಿಗೆ ಇದು ಚಹಾ ಕುಡಿಯುವಷ್ಟರಲ್ಲಿ ಆಗುವ ಕೆಲಸ. ‘ಮಾಲು ಹುಬ್ಬಳ್ಳಿಯಿಂದ ಬರಬೇಕ್ರಿ, ನಾಳೆ ಕಳಸ್ತೀನಿ’ ಎನ್ನುವವನು ನಾಳೆ ಕಳಿಸಲಿ, ನೀವೂ ನಾಳೆಯೇ ಆರ್ಡರ್ ಹಾಕಿ. ‘ಲ್ಯಾಬ್ ಟೆಸ್ಟ್ ರಿಪೋರ್ಟ್ ಐತ್ರಿ’ ಎಂದು ಪಿಡಿಎಫ್ ಕಳಿಸಿದರೆ ಬೇಡ ಅನ್ನಬೇಡಿ, ತೆಗೆದು ಓದಿ. ಆದರೆ ರಿಪೋರ್ಟ್ ಎಂಬುದು ಒಂದು ದಿನ ಲ್ಯಾಬಿಗೆ ಕೊಟ್ಟ ನಾಲ್ಕಾರು ಸ್ಯಾಂಪಲ್‌ಗಳ ಫಲಿತಾಂಶ ಅಷ್ಟೇ. ಲೈಸೆನ್ಸ್ ಇದ್ದರೆ ಕಾರ್ಖಾನೆಯ ಮೇಲೆ ಆಮೇಲೂ ಯಾರೋ ಒಬ್ಬರ ಕಣ್ಣು ಇರುತ್ತದೆ.

ಮೇಣದಬತ್ತಿ ಊದಿ ನೋಡುವುದು, ನೀರು ಹಾಕಿ ನೋಡುವುದು, ಇವೆಲ್ಲಾ ನಿಮ್ಮ ಡೀಲರ್ ಮಾಡಿ ತೋರಿಸಬಹುದು. ನೀರು ನಿಂತರೆ ಹೊರಗಿನ ಬಟ್ಟೆ ನೀರು ಹೀರುವುದಿಲ್ಲ ಎಂದು ಗೊತ್ತಾಗುತ್ತದೆ, ಸಣ್ಣ ಧೂಳಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಇನ್ನು ದರ್ಜೆಯ ಆಯ್ಕೆ. ಇಲ್ಲಿ ನಿಮ್ಮ ಮಾಲೀಕರಿಗೆ ನನ್ನ ಮಾತು ಇಷ್ಟವಾಗಲಿಕ್ಕಿಲ್ಲ. ಫೆಟ್ಲಿಂಗ್‌ಗೂ ನಾಕೌಟ್‌ಗೂ ಒಂದೇ ಮಾಸ್ಕ್ ಎಂದು ನೀವು ಅಂದುಕೊಂಡಿದ್ದೀರಿ. ಮೋಲ್ಡ್ ಒಡೆಯುವ ಜಾಗದಲ್ಲಿ ಸುಟ್ಟ ಸಿಲಿಕಾ ಮರಳಿನ ಧೂಳು ಮೋಡದ ಹಾಗೆ ಏಳುತ್ತದೆ. ಬ್ರಿಟನ್ನಿನ ಕಾರ್ಮಿಕ ಸುರಕ್ಷತೆಯ ಸಂಸ್ಥೆ ಎಚ್‌ಎಸ್‌ಇ ಲೆಕ್ಕದಲ್ಲಿ ಸರಿಯಾಗಿ ಹಾಕಿದ ಎಫ್‌ಎಫ್‌ಪಿ2 ಒಳಗಿನ ಧೂಳನ್ನು ಹೊರಗಿನದರ ಹತ್ತನೇ ಒಂದು ಪಾಲಿಗೆ ಇಳಿಸುತ್ತದೆ, ಎಫ್‌ಎಫ್‌ಪಿ3 ಇಪ್ಪತ್ತನೇ ಒಂದು ಪಾಲಿಗೆ. ಸಿಲಿಕಾ ಕೆಲಸಗಳಿಗೆ ಅವರು ಸಾಮಾನ್ಯವಾಗಿ ಕೇಳುವುದು ಕನಿಷ್ಠ ಇಪ್ಪತ್ತು. ಹಾಗಾಗಿ ನಾಕೌಟ್‌ನವರಿಗೆ FFP3 ಗುರುತಿನದು ಕೇಳಿ. ಅವರಿಗೆ ಮಾತ್ರ ತಂದರೆ ಖರ್ಚು ಅಷ್ಟೇನೂ ಏರುವುದಿಲ್ಲ. ಉಳಿದವರಿಗೆ ಎಫ್‌ಎಫ್‌ಪಿ2 ಇರಲಿ, ಜೊತೆಗೆ ಧೂಳು ಎಳೆಯುವ ಫ್ಯಾನ್ ನಿಜವಾಗಿಯೂ ಎಳೆಯುತ್ತಿದೆಯೇ ಎಂದು ಒಮ್ಮೆ ಊದುಬತ್ತಿ ಹೊಗೆ ಹಿಡಿದು ನೋಡಿ.

ಯುರೋಪಿನ ಮಾಲು ಸಿಕ್ಕರೆ ದರ್ಜೆಯ ಹಿಂದೆ ಸಣ್ಣ ಅಕ್ಷರಗಳು ಇರುತ್ತವೆ, FFP3 NR D ಅಂತ. ಎನ್‌ಆರ್ ಅಂದರೆ ಒಂದು ಶಿಫ್ಟಿಗಿಂತ ಹೆಚ್ಚು ಬಳಸುವಂತಿಲ್ಲ. ಬರೀ R ಇದ್ದರೆ ಮತ್ತೆ ಬಳಸಬಹುದು. ಡಿ ಅಂದರೆ ಡೋಲೊಮೈಟ್ ಧೂಳು ಹಾಯಿಸಿ, ಫಿಲ್ಟರ್ ಬೇಗ ಕಟ್ಟಿಕೊಂಡು ಉಸಿರಾಟ ಭಾರವಾಗುವುದಿಲ್ಲ ಎಂದು ನೋಡಿದ್ದಾರೆ ಎಂದರ್ಥ. ನಿಮ್ಮಂಥ ಜಾಗಕ್ಕೆ ಆ ಡಿ ಇರುವುದು ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಉಸಿರು ಕಟ್ಟಿ ಹುಡುಗರು ಮಾಸ್ಕ್ ಕೆಳಗೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ. ಉಸಿರು ಹೊರಬಿಡುವ ವಾಲ್ವ್ ಇರುವ ಮಾಸ್ಕ್ ಧೂಳಿನ ಕೆಲಸಕ್ಕೆ ಧಾರಾಳವಾಗಿ ತರಬಹುದು. 2020 ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ವಾಲ್ವ್ ಬೇಡ ಎಂದದ್ದು ಹಾಕಿಕೊಂಡವನಿಂದ ಬೇರೆಯವರಿಗೆ ಸೋಂಕು ಹೋಗಬಾರದೆಂದು. ಮರಳಿನ ಧೂಳಿಗೆ ಆ ಮಾತು ಅನ್ವಯಿಸುವುದಿಲ್ಲ.

ಕೋರ್ ಶಾಪಿನವರು ತಮಗೂ ಒಂದೊಂದು ಕೊಡಿ ಎಂದು ಕೇಳಿದರೆ ಧೂಳಿಗೆ ಅಂತ ಕೊಡಿ. ಆದರೆ ರೆಸಿನ್ ವಾಸನೆ ಇದರಿಂದ ನಿಲ್ಲುವುದಿಲ್ಲ. ಅದು ಗ್ಯಾಸ್, ಈ ಗುರುತುಗಳೆಲ್ಲ ಕಣಗಳಿಗೆ ಮಾತ್ರ. ‘ಕಾರ್ಬನ್ ಲೇಯರ್’ ಎಂದು ಪ್ಯಾಕೆಟ್ ಮೇಲೆ ಇದ್ದರೂ ಅದು ವಾಸನೆಯ ಕಿರಿಕಿರಿ ಸ್ವಲ್ಪ ತಗ್ಗಿಸೀತು ಅಷ್ಟೇ. ಅಲ್ಲಿಗೆ ಕಾರ್ಟ್ರಿಜ್ ಹಾಕುವ ಮಾಸ್ಕ್ ಬೇಕು, ಅದು ಬೇರೆ ಕಥೆ.

ಈಗ ನೀವು ಮಾಡಬೇಕಾದದ್ದು, ಬಟ್ಟಲಿನ ಮಾಸ್ಕಿನ ಪೌಚ್ ಫೋಟೋ ಬೆರಳಿಲ್ಲದೆ ತರಿಸಿ. ಸಿಎಂಎಲ್ ನಂಬರ್ ಆ್ಯಪಿನಲ್ಲಿ ಹೊಂದಿದರೆ ಒಂದೇ ಸಲ ಕಾರ್ಟನ್ ತರಬೇಡಿ, ಹತ್ತು ಪೀಸ್ ತನ್ನಿ. ಹತ್ತು ಬೇರೆ ಬೇರೆ ಮುಖದವರಿಗೆ ಕೊಟ್ಟು ಪಟ್ಟಿ ಬಿಗಿದು, ಎರಡೂ ಕೈ ಮಾಸ್ಕ್ ಮೇಲಿಟ್ಟು ಜೋರಾಗಿ ಉಸಿರು ಎಳೆಯಲು ಹೇಳಿ. ಮಾಸ್ಕ್ ಮುಖಕ್ಕೆ ಸ್ವಲ್ಪ ಅಂಟಿದ ಹಾಗೆ ಒಳಗೆ ಜಗ್ಗಬೇಕು, ಕಣ್ಣಿನ ಕಡೆ ಗಾಳಿ ಬೀಸಬಾರದು. ಗಡ್ಡ ಇದ್ದವರಿಗೆ ಯಾವ ದರ್ಜೆಯದೂ ಕೂರುವುದಿಲ್ಲ. ಮೀಸೆ ಅಂಚಿಗೆ ತಾಗದಿದ್ದರೆ ಪರವಾಗಿಲ್ಲ. ಒಂದು ಶಿಫ್ಟ್ ಆದಮೇಲೆ ಹತ್ತೂ ಮಾಸ್ಕ್ ವಾಪಸ್ ಇಸಿದುಕೊಂಡು ಒಳಗಿನ ಭಾಗ ಬೆಳಕಿನಲ್ಲಿ ನೋಡಿ. ಅಂಚಿನಲ್ಲಿ ಮಾತ್ರ ಕಪ್ಪು ಗೆರೆ ಇದ್ದರೆ ಆ ಮುಖಕ್ಕೆ ಆ ಆಕಾರ ಹೊಂದುತ್ತಿಲ್ಲ, ಬೇರೆ ಮಾಡೆಲ್ ಹುಡುಕಿ. ನಡುಭಾಗವೇ ಬೂದಿ ಬಣ್ಣವಾಗಿದ್ದರೆ ಆ್ಯಪ್ ಏನೇ ಹೇಳಲಿ, ಆ ಲಾಟ್ ವಾಪಸ್ ಕಳಿಸಿ. ಹೊಸ ಫೋಟೋ ಬಂದಮೇಲೆ ಇಲ್ಲೇ ಹಾಕಿ, ಲೈಸೆನ್ಸಿನಲ್ಲಿ ಯಾವ ದರ್ಜೆ ಇದೆ ಎಂದು ಒಟ್ಟಿಗೇ ನೋಡೋಣ.